ರೇಶಿಯೋ 1.00, ಶೀಟ್ ಪೂರ್ತಿ ಹಸಿರು. ಆದರೂ ಹುಡುಗನ ಬೆನ್ನು ನೋಯುತ್ತಿದೆ. ಎಲ್ಲಿ ತಪ್ಪಿದೆ?

ಹಳೇ ಮ್ಯಾಟಿಂಗ್ (ದಾವಣಗೆರೆ), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹಗಲು ಬಟ್ಟೆ ಅಂಗಡಿ ನೋಡಿಕೊಳ್ಳುತ್ತೇನೆ, ಸಂಜೆ ಹುಡುಗರಿಗೆ ನೆಟ್ಸ್ ನಡೆಸುತ್ತೇನೆ. ಕೋಚಿಂಗ್ ಸರ್ಟಿಫಿಕೇಟ್ ಏನೂ ಇಲ್ಲ. ಹೋದ ವರ್ಷ ಇಬ್ಬರು ಬೌಲರ್‌ಗಳು ಬೆನ್ನು ಹಿಡಿಸಿಕೊಂಡು ಸೀಸನ್ ಪೂರ್ತಿ ಕೂತರು. ಅದಕ್ಕೇ ಈ ಸಲ ಪ್ರತಿಯೊಬ್ಬರ ಬಾಲ್ ಎಣಿಸಿ ಫೋನಿನ ಶೀಟಲ್ಲಿ ಹಾಕುತ್ತಿದ್ದೇನೆ. ಈ ವಾರ ಹಾಕಿದ ಬಾಲ್‌ಗಳನ್ನು ನಾಲ್ಕು ವಾರದ ಸರಾಸರಿಯಿಂದ ಭಾಗಿಸುವುದು. 0.8ರಿಂದ 1.3ರ ಒಳಗಿದ್ದರೆ ಹಸಿರು, 1.5 ದಾಟಿದರೆ ಕೆಂಪು. ನಿಮಗೆಲ್ಲ ಗೊತ್ತಿರುವ ಅಕ್ಯೂಟ್-ಕ್ರಾನಿಕ್ ಲೆಕ್ಕವೇ.

17 ವರ್ಷದ ಒಬ್ಬ ಹುಡುಗನದು ಇದು. ಬಲಗೈ ಫಾಸ್ಟ್. ಮಧ್ಯೆ ಸೆಕೆಂಡ್ ಪಿಯು ಪರೀಕ್ಷೆ ಇತ್ತು, ಆ ಎರಡು ವಾರ ಗ್ರೌಂಡಿಗೇ ಬರಲಿಲ್ಲ.

1ನೇ ವಾರ: 120 ಬಾಲ್
2ನೇ ವಾರ: 132
3ನೇ ವಾರ: ಪರೀಕ್ಷೆ
4ನೇ ವಾರ: ಪರೀಕ್ಷೆ
5ನೇ ವಾರ: 96, ರೇಶಿಯೋ 0.84
6ನೇ ವಾರ: 150, ರೇಶಿಯೋ 1.22
7ನೇ ವಾರ: 132, ರೇಶಿಯೋ 1.05
8ನೇ ವಾರ: 126, ರೇಶಿಯೋ 1.00

ಒಂದು ವಾರವೂ ಕೆಂಪು ಬಂದಿಲ್ಲ, ಹಳದಿಯೂ ಬಂದಿಲ್ಲ. ಮೊನ್ನೆ ಶುಕ್ರವಾರ ನಾಲ್ಕನೇ ಓವರ್ ಮುಗಿಸಿ ಬಂದವನು ಸೊಂಟಕ್ಕೆ ಕೈ ಕೊಟ್ಟು ನಿಂತ. "ಎಡಗಡೆ ಚುಚ್ಚುತ್ತೆ ಸರ್, ನಾಲ್ಕೈದು ದಿನ ಆಯ್ತು" ಅಂದ. ಮೂವ್ ಹಚ್ಚಿಕೊಂಡು ಸುಮ್ನೆ ಇದ್ದನಂತೆ. ಬರೋ ಭಾನುವಾರ ಮ್ಯಾಚ್ ಇದೆ. ರೇಶಿಯೋ ಸರಿಯಾಗೇ ಇದೆಯಲ್ಲ, ಬರೀ ಸ್ನಾಯು ನೋವು ಅಂದುಕೊಂಡು ಆಡಿಸಬಹುದಾ?

ಒನ್ ಡೌನ್

ಆಡಿಸಿ ಅಣ್ಣ. 0.8ರಿಂದ 1.3 ಅಂದರೆ ಸೇಫ್, ಅದು ಸೈನ್ಸಲ್ಲಿ ಪ್ರೂವ್ ಆಗಿದೆ. ಆಸ್ಟ್ರೇಲಿಯಾದ ಫಾಸ್ಟ್ ಬೌಲರ್‌ಗಳ ಮೇಲೆಯೇ ಮಾಡಿದ್ದಾರೆ. ರೇಶಿಯೋ 2 ದಾಟಿದವರಿಗೆ ಮುಂದಿನ ವಾರ ಗಾಯ ಆಗುವ ಅಪಾಯ ಮೂರು ಪಟ್ಟಿಗಿಂತ ಜಾಸ್ತಿ ಅಂತ ಬಂದಿತ್ತು. ನಿಮ್ಮವನದು 1.00, ಅದಕ್ಕಿಂತ ಕರೆಕ್ಟ್ ನಂಬರ್ ಇನ್ನೊಂದಿಲ್ಲ. ಬಿಸಿ ನೀರಿನ ಶಾಖ ಕೊಡಿಸಿ, ಎರಡು ದಿನ ರೆಸ್ಟ್ ಕೊಟ್ಟರೆ ಸರಿ ಹೋಗುತ್ತೆ.

ಎಲುಬು ಕೀಲು

ದಯವಿಟ್ಟು ಆಡಿಸಬೇಡಿ. ನಾನು ಫಿಸಿಯೋ, ಇಲ್ಲೇ ದಾವಣಗೆರೆಯಲ್ಲಿ. ಹುಡುಗನನ್ನು ನೋಡದೆ ಇದೇ ಅಂತ ಹೇಳಲಾರೆ. ಆದರೆ ನೀವು ಬರೆದಿರುವ ನಾಲ್ಕು ವಿಷಯ ಒಟ್ಟಿಗೆ ಬಂದರೆ ನನಗೆ ಗಾಬರಿಯಾಗುತ್ತದೆ. ವಯಸ್ಸು 17, ಫಾಸ್ಟ್ ಬೌಲರ್, ನೋವು ಒಂದೇ ಕಡೆ, ಅದೂ ಬೌಲಿಂಗ್ ಕೈಯ ಎದುರು ಬದಿ. ಬಲಗೈ ಬೌಲರ್‌ಗೆ ಸೊಂಟದ ಎಡಗಡೆ ನೋವು ಅಂದರೆ ಬೆನ್ನುಮೂಳೆಯ ಸಣ್ಣ ಸೇತುವೆಯಂಥ ಭಾಗಕ್ಕೆ ಪೆಟ್ಟು ಬೀಳುತ್ತಿದೆಯಾ ಅಂತ ಮೊದಲು ನೋಡಬೇಕು. ಸ್ನಾಯು ಅಂದುಕೊಳ್ಳುವುದು ಅದು ಅಲ್ಲ ಅಂತ ಗೊತ್ತಾದ ಮೇಲೆ.

ಎರಡು ಕೇಳಿ ಅವನನ್ನು. ಹಿಂದಕ್ಕೆ ಬಾಗಿದರೆ ನೋವು ಜಾಸ್ತಿಯಾಗುತ್ತಾ, ಮುಂದಕ್ಕೆ ಬಗ್ಗಿದರೆ ಆರಾಮ ಅನ್ನಿಸುತ್ತಾ? ಎಡಗಾಲ ಮೇಲೆ ಒಂಟಿಕಾಲಲ್ಲಿ ನಿಂತು ಸ್ವಲ್ಪ ಹಿಂದೆ ವಾಲಿದರೆ ಅದೇ ಜಾಗದಲ್ಲಿ ಚುಚ್ಚುತ್ತಾ? ಚುಚ್ಚದಿದ್ದರೆ ಏನೂ ಇಲ್ಲ ಅಂತಲ್ಲ, ಆದರೆ ಚುಚ್ಚಿದರೆ ತಡ ಮಾಡಬೇಡಿ. ಮೂಳೆ ಡಾಕ್ಟರ್ ಹತ್ತಿರ ಹೋದಾಗ ಎಂಆರ್‌ಐ ಬೇಕಾ ಅಂತ ನೀವೇ ಕೇಳಿ. ಶುರುವಿನ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ "ನಾರ್ಮಲ್" ಅಂತ ಬಂದು, ಹುಡುಗರು ಮತ್ತೆ ಬಾಲ್ ಹಿಡಿದು ಓಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ನಿಮ್ಮ ಶೀಟ್. 5ನೇ ವಾರ 0.84 ಹೇಗೆ ಬಂತು? ಎರಡು ವಾರ ಒಂದು ಬಾಲೂ ಹಾಕದವನು ಬಂದು 96 ಹಾಕಿದರೆ ಅಷ್ಟು ಕಮ್ಮಿ ಬರೋದು ಸಾಧ್ಯವೇ ಇಲ್ಲ. ಪರೀಕ್ಷೆಯ ವಾರದ ಸೆಲ್‌ಗಳಲ್ಲಿ ಏನು ಬರೆದಿದ್ದೀರಿ?

ಹಳೇ ಮ್ಯಾಟಿಂಗ್

ಮೇಡಂ, ಹಿಂದೆ ಬಾಗಿದರೆ ನೋವಂತೆ. ಒಂಟಿಕಾಲಲ್ಲಿ ನಿಲ್ಲಿಸಿದೆ, "ಇಲ್ಲೇ ಸರ್" ಅಂತ ಒಂದೇ ಬೆರಳಲ್ಲಿ ಜಾಗ ತೋರಿಸಿದ. ಅವರಪ್ಪನಿಗೆ ಫೋನ್ ಮಾಡಿದ್ದೇನೆ, ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ.

ಪರೀಕ್ಷೆಯ ಸೆಲ್ ಎರಡೂ ಖಾಲಿ ಬಿಟ್ಟಿದ್ದೇನೆ. ಹಾಕಿಲ್ಲ ಅಂದಮೇಲೆ ಏನು ಬರೆಯೋದು ಅಂತ. ಫಾರ್ಮುಲಾ ಇದು, 6ನೇ ವಾರದ್ದು:

```
=B7/AVERAGE(B4:B7)
```

ಲೆಕ್ಕದ ಮೇಷ್ಟ್ರು (ಹರಿಹರ)

ಸಿಕ್ಕಿತು ನೋಡಿ. `AVERAGE` ಖಾಲಿ ಸೆಲ್ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ನಾಲ್ಕು ಸೆಲ್ ಕೊಟ್ಟಿದ್ದೀರಿ, ಅದರಲ್ಲಿ ಎರಡು ಖಾಲಿ. ಅದು 96 ಮತ್ತು 150 ಕೂಡಿಸಿ ಎರಡರಿಂದ ಭಾಗಿಸಿದೆ. ಸರಾಸರಿ 123, ರೇಶಿಯೋ 1.22. ನಿಜವಾಗಿ ನಾಲ್ಕು ವಾರದಲ್ಲಿ 246 ಬಾಲ್, ವಾರಕ್ಕೆ 61.5. 150ನ್ನು ಅದರಿಂದ ಭಾಗಿಸಿದರೆ 2.44. ನಿಮ್ಮ ಶೀಟ್ ಹಸಿರು ಹೊಡೆದ ವಾರ ನಿಮ್ಮದೇ ನಿಯಮದ ಪ್ರಕಾರ ಕಡುಗೆಂಪು.

ಮಿಕ್ಕ ವಾರಗಳನ್ನೂ ಮಾಡಿದೆ. 5ನೇ ವಾರ 0.84 ಅಲ್ಲ, 1.68. 7ನೇ ವಾರ 1.05 ಅಲ್ಲ, 1.40. 8ನೇ ವಾರಕ್ಕೆ ಖಾಲಿ ಸೆಲ್ ಎರಡೂ ಹಿಂದೆ ಬಿದ್ದಿವೆ, ಹಾಗಾಗಿ 1.00 ಸರಿಯಾಗೇ ಇದೆ. ಹೀಗೆ ಬರೆಯಿರಿ:

```
=B7/(SUM(B4:B7)/4)
```

ಒಂದು ಎಚ್ಚರ. ಖಾಲಿ ಸೆಲ್ ಎಲ್ಲಾ ಸೊನ್ನೆ ಅಂತಲ್ಲ. ಹುಡುಗ ಹಾಕಿಲ್ಲ ಅಂದರೆ ಸೊನ್ನೆ. ಹಾಕಿದ್ದಾನೆ, ನೀವು ಬರೆಯೋದು ಮರೆತಿದ್ದೀರಿ ಅಂದರೆ ಅದು ಸೊನ್ನೆ ಅಲ್ಲ, ಗೊತ್ತಿಲ್ಲ ಅಂತ. ಅಲ್ಲಿ ಸೊನ್ನೆ ತುಂಬಿದರೆ ಮುಂದಿನ ವಾರಗಳೆಲ್ಲ ಸುಮ್ಮಸುಮ್ಮನೆ ಕೆಂಪಾಗುತ್ತವೆ. ಅಂಥ ಕಡೆ ಒಂದು ಅಡ್ಡಗೆರೆ ಹಾಕಿ, ಆ ತಿಂಗಳು ರೇಶಿಯೋ ನೋಡಲೇಬೇಡಿ.

ಕೋಟೆ ಮೆಟ್ಟಿಲು (ಚಿತ್ರದುರ್ಗ)

ನನಗೂ ಇದೇ ಸಮಸ್ಯೆ! ನನ್ನ ವಾಚ್ ಮೂರು ದಿನದಿಂದ ರೇಶಿಯೋ 1.6 ತೋರಿಸುತ್ತಿದೆ. ವಾರಕ್ಕೆ 30 ಕಿಲೋಮೀಟರ್ ಓಡುತ್ತಿದ್ದೆ, ಈ ವಾರ 22 ಮಾತ್ರ. ಕಮ್ಮಿ ಓಡಿದರೂ ಜಾಸ್ತಿ ತೋರಿಸುತ್ತೆ ಅಂದರೆ ವಾಚ್ ಕೆಟ್ಟಿದೆ ಅಂತ ತಾನೇ? ಹಾಂ, ಈ ವಾರ ಬೆಳಿಗ್ಗೆ ಮೂರು ದಿನ ಕೋಟೆ ಹತ್ತಿ ಇಳಿದೆ. ಮಂಡಿ ಸ್ವಲ್ಪ ಹಿಡಿದಿದೆ.

ಎಲುಬು ಕೀಲು

ವಾಚ್ ಕೆಟ್ಟಿಲ್ಲ ಸರ್. ನೀವು ಕಿಲೋಮೀಟರ್ ಎಣಿಸುತ್ತಿದ್ದೀರಿ, ಅದು ಎದೆಬಡಿತ ನೋಡಿ ಎಷ್ಟು ಕಷ್ಟಪಟ್ಟಿರಿ ಅಂತ ಎಣಿಸುತ್ತಿದೆ. ಹತ್ತೋದು ಅದಕ್ಕೆ ಕಾಣುತ್ತೆ. ಇಳಿಯುವಾಗ ಮಂಡಿ ಮೇಲೆ ಬೀಳುವ ಭಾರ ಮಾತ್ರ ಅದಕ್ಕೆ ಅಷ್ಟಾಗಿ ಕಾಣಲ್ಲ, ಆಗ ಎದೆ ಆರಾಮಾಗಿ ಹೊಡೆದುಕೊಳ್ಳುತ್ತಿರುತ್ತೆ. ನಿಮ್ಮ ಮಂಡಿ ಹಿಡಿದಿರೋದು ಬಹುಶಃ ಆ ಇಳಿಜಾರಿನಿಂದ. ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಒನ್ ಡೌನ್

ಸರಿ, ಫಾರ್ಮುಲಾ ತಪ್ಪಿತ್ತು, ಒಪ್ಪಿದೆ. ಆದರೆ ಒಂದು ಅರ್ಥವಾಗಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಕೆಂಪು ಇದ್ದದ್ದು 6ನೇ ವಾರ. ನೋವು ಬಂದದ್ದು 8ನೇ ವಾರ, ಆಗ ಸರಿಯಾದ ಫಾರ್ಮುಲಾದಲ್ಲೂ 1.00. ಹಾಗಾದರೆ 6ನೇ ವಾರಕ್ಕೂ ಇದಕ್ಕೂ ಏನು ಸಂಬಂಧ? ಆಸ್ಟ್ರೇಲಿಯಾದವರು ಮುಂದಿನ ವಾರ ಅಂದಿದ್ದರು, ಮುಂದಿನ ವಾರ ಏನೂ ಆಗಲಿಲ್ಲವಲ್ಲ.

ಎಲುಬು ಕೀಲು

ಒಳ್ಳೆ ಪ್ರಶ್ನೆ. ಸ್ನಾಯು ಹರಿದರೆ ಆ ಕ್ಷಣವೇ ಗೊತ್ತಾಗುತ್ತೆ, ಹುಡುಗ ರನ್‌ಅಪ್ ಮಧ್ಯೆ ನಿಂತುಬಿಡುತ್ತಾನೆ. ಮೂಳೆ ಹಾಗಲ್ಲ. ಜಾಸ್ತಿ ಪೆಟ್ಟು ಬಿದ್ದ ಜಾಗವನ್ನು ಮೂಳೆ ಮೊದಲು ಕೆರೆದು ತೆಗೆಯುತ್ತೆ, ಆಮೇಲೆ ಹೊಸದಾಗಿ ಕಟ್ಟುತ್ತೆ. ತೆಗೆಯೋದು ಬೇಗ, ಕಟ್ಟೋದು ನಿಧಾನ. ಗೋಡೆ ಒಡೆದು ಇನ್ನೂ ಪ್ಲಾಸ್ಟರ್ ಆಗದ ಮನೆಯ ಥರ, ನಡುವೆ ಕೆಲವು ವಾರ ಆ ಜಾಗ ಮೊದಲಿಗಿಂತ ದುರ್ಬಲ. ಆಗ ಮಾಮೂಲಿ 130 ಬಾಲೇ ಸಾಕು, ನೋವು ಶುರುವಾಗುತ್ತೆ.

ನೀವು ಹೇಳುವ ಅಧ್ಯಯನ 2014ರದ್ದು. ಅದರಲ್ಲಿದ್ದವರು 28 ಬೌಲರ್‌ಗಳು, ಸರಾಸರಿ ವಯಸ್ಸು 26. ನಮ್ಮ ಹುಡುಗನಿಗೆ 17, ಬೆನ್ನುಮೂಳೆ ಇನ್ನೂ ಬಲಿಯುತ್ತಿದೆ. ಅದಕ್ಕೂ ಮುಂಚೆ, 2009ರಲ್ಲಿ, ಆಸ್ಟ್ರೇಲಿಯಾದಲ್ಲೇ ಇನ್ನೊಂದು ಬಂದಿತ್ತು. ಒಂದೇ ಮ್ಯಾಚಲ್ಲಿ 50 ಓವರ್‌ಗಿಂತ ಜಾಸ್ತಿ ಹಾಕಿದ ಫಾಸ್ಟ್ ಬೌಲರ್‌ಗಳಿಗೆ ಅಪಾಯ ಮುಂದಿನ ಮೂರು ವಾರದವರೆಗೂ ಜಾಸ್ತಿ ಇತ್ತು. ನೋವು ಬಂದ ದಿನದ ರೇಶಿಯೋ ನೋಡಬೇಡಿ, ಎರಡರಿಂದ ನಾಲ್ಕು ವಾರ ಹಿಂದಿನದ್ದು ನೋಡಿ ಅಂತ ನಾನು ಹೇಳೋದು ಇದಕ್ಕೇ.

ಇಷ್ಟಾಗಿಯೂ ಈ ಹುಡುಗನಿಗೆ 6ನೇ ವಾರದಿಂದಲೇ ಆಯಿತು ಅಂತ ನಾನು ಪ್ರಮಾಣ ಮಾಡಲಾರೆ. ಬೌಲಿಂಗ್ ಆಕ್ಷನ್ ಇರಬಹುದು, ಪರೀಕ್ಷೆಯಲ್ಲಿ ನಿದ್ದೆಗೆಟ್ಟಿದ್ದಿರಬಹುದು.

ಹರಿಹರದ ಎಡಗೈ

ನನ್ನ ಕಥೆ ಹೇಳಿಬಿಡ್ತೀನಿ. ನಾನು ಎಡಗೈ ಬೌಲರ್, ನನಗೆ ಬಂದದ್ದು ಬಲಗಡೆ. 19 ವರ್ಷ. ಎಕ್ಸ್‌ರೇ ನಾರ್ಮಲ್ ಅಂದರು, ಮುಲಾಮು ಕೊಟ್ಟರು, ಆರು ವಾರ ಹಾಗೇ ಆಡಿದೆ. ಕೊನೆಗೆ ಕ್ಯಾಚ್ ಹಿಡಿಯಲು ಬಗ್ಗಿ ಏಳಲು ಆಗಲಿಲ್ಲ. ಒಂದು ವರ್ಷ ಹೋಯಿತು. ಈಗ ಸ್ಪಿನ್ ಹಾಕ್ತೀನಿ.

ಹಳೇ ಮ್ಯಾಟಿಂಗ್ ಅವರೇ, ಒಂದು ಕೇಳಲಾ? ನಿಮ್ಮ ಹುಡುಗ ಟೆನಿಸ್ ಬಾಲ್ ಟೂರ್ನಮೆಂಟ್ ಆಡಲ್ಲ ತಾನೇ? ಪರೀಕ್ಷೆ ಮುಗಿದ ಮೇಲೆ ನಮ್ಮ ಕಡೆ ಪ್ರತಿ ಏರಿಯಾದಲ್ಲೂ ಲೈಟ್ ಹಾಕಿ ಆಡಿಸ್ತಾರೆ. ಕೋಚ್‌ಗೆ ಹೇಳಿದರೆ ಬೈತಾರೆ ಅಂತ ಯಾರೂ ಹೇಳಲ್ಲ. ನಾನೂ ಹೇಳ್ತಿರಲಿಲ್ಲ.

ಹಳೇ ಮ್ಯಾಟಿಂಗ್, ಸೋಮವಾರ

ಎಡಗೈ ಅಣ್ಣಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಏನು ಹಾಕಬೇಕೋ ಗೊತ್ತಾಗುತ್ತಿಲ್ಲ. ಆಸ್ಪತ್ರೆಯ ಬೆಂಚ್ ಮೇಲೆ ಕೂತಾಗ ಮೆಲ್ಲಗೆ ಕೇಳಿದೆ. ಅವರಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಬಾಯಿಬಿಟ್ಟ. 6ನೇ ವಾರವೇ, ಶನಿವಾರ ಭಾನುವಾರ ರಾತ್ರಿ. ಐದು ಮ್ಯಾಚ್, ಮ್ಯಾಚಿಗೆ ಎರಡು ಓವರ್. 60 ಬಾಲ್. ಫೈನಲ್ ಮುಗಿದಾಗ ರಾತ್ರಿ ಎರಡು ಗಂಟೆ. ಬಹುಮಾನದ ಟ್ರೋಫಿ ಮನೆಯ ಅಟ್ಟದ ಮೇಲಿದೆಯಂತೆ.

ಅಂದರೆ 150 ಅಲ್ಲ, 210. ಹೊಸ ಫಾರ್ಮುಲಾದಲ್ಲಿ 2.7. ಅಷ್ಟೂ ದಿನ ನಾನು ಹಸಿರು ಬಣ್ಣ ನೋಡಿಕೊಂಡು ಖುಷಿಯಾಗಿದ್ದೆ.

ಡಾಕ್ಟರ್ ಎಂಆರ್‌ಐ ಬರೆದಿದ್ದಾರೆ. ಅಲ್ಲಿಯವರೆಗೆ ಬೌಲಿಂಗ್ ಬಂದ್.

ಖೋಖೋ ಅಪ್ಪ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳು ಖೋ-ಖೋ ಆಡುತ್ತಾಳೆ. ಅಲ್ಲಿ ಎಣಿಸಲು ಬಾಲ್ ಇಲ್ಲ. ಹಾಗಾದರೆ ಏನು ಎಣಿಸೋದು?

ಎಲುಬು ಕೀಲು

ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆ ಬಿಟ್ಟು, ಇವತ್ತು ಎಷ್ಟು ಕಷ್ಟ ಆಯ್ತು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಕೇಳಿ. ಅದನ್ನು ನಿಮಿಷದಿಂದ ಗುಣಿಸಿ. 90 ನಿಮಿಷ ಆಡಿ 6 ಅಂದರೆ 540. ವಾರಕ್ಕೆ ಕೂಡಿಸಿಕೊಳ್ಳಿ. ಆದರೆ ಎಲ್ಲರ ಮುಂದೆ ಕೇಳಬೇಡಿ. ಕೋಚ್ ಎದುರಿಗೆ ಕೇಳಿದರೆ ಎಲ್ಲರೂ 4 ಅಂತಾರೆ, ಪಕ್ಕದವಳು 4 ಅಂದಳಲ್ಲ ಅಂತ. ಮನೆಗೆ ಬಂದ ಮೇಲೆ ಅಮ್ಮ ಕೇಳಿದರೆ ನಿಜ ಹೊರಬರುತ್ತೆ.

ಲೆಕ್ಕದ ಮೇಷ್ಟ್ರು (ಹರಿಹರ)

ಫಾರ್ಮುಲಾ ಸರಿ ಮಾಡಿಕೊಟ್ಟವನು ನಾನೇ, ಆದರೂ ಈಗ ಅದರ ವಿರುದ್ಧವೇ ಮಾತಾಡಬೇಕು. ಈ ರೇಶಿಯೋ ಮೇಲೆ ನನಗೆ ನಂಬಿಕೆ ಕಮ್ಮಿ.

ಮೊದಲನೆಯದು, 6ನೇ ವಾರದ 150 ಭಾಗಾಕಾರದ ಮೇಲೂ ಇದೆ, ಕೆಳಗಿನ 246ರ ಒಳಗೂ ಇದೆ. ಹಿಂದಿನ ಮೂರು ವಾರ ಸೊನ್ನೆ ಇಟ್ಟುಕೊಳ್ಳಿ. ಈ ವಾರ ಹುಡುಗ 6 ಬಾಲ್ ಹಾಕಿದರೆ ರೇಶಿಯೋ 4. 300 ಬಾಲ್ ಹಾಕಿದರೂ 4. ಒಂದು ಓವರ್ ಹಾಕಿದವನಿಗೂ 50 ಓವರ್ ಹಾಕಿದವನಿಗೂ ಒಂದೇ ನಂಬರ್ ಕೊಡುವ ಅಳತೆ ಯಾವ ಸೀಮೆಯದು?

ಎರಡನೆಯದು ಇದಕ್ಕಿಂತ ಮಜವಾಗಿದೆ. ನಿಮ್ಮ ಹುಡುಗ ಪರೀಕ್ಷೆ ಮುಗಿಸಿ ಬಂದಾಗ 1.3 ದಾಟಬಾರದು ಅಂತ ನೀವು ಕಟ್ಟುನಿಟ್ಟಾಗಿ ಕೂತಿದ್ದಿರಿ ಅನ್ನಿ. 5ನೇ ವಾರ ಎಷ್ಟು ಹಾಕಬಹುದು? ಲೆಕ್ಕ ಮಾಡಿದರೆ 63 ಬಾಲ್ ಬರುತ್ತೆ. ಸರಿ, ಚೆನ್ನಾಗಿದೆ. 6ನೇ ವಾರ? 30! ಹೌದು, 5ನೇ ವಾರದ ಅರ್ಧಕ್ಕಿಂತ ಕಮ್ಮಿ. ಯಾಕೆಂದರೆ 2ನೇ ವಾರದ 132 ಆ ಭಾನುವಾರ ಕಿಟಕಿಯಿಂದ ಆಚೆ ಬಿದ್ದುಹೋಯಿತು, ಉಳಿದದ್ದು ಎರಡು ಸೊನ್ನೆ ಮತ್ತು 63. ಹುಡುಗನ ಮೈ 28 ದಿನದ ಹಿಂದಿನದ್ದನ್ನು ಪೂರ್ತಿ ನೆನಪಿಟ್ಟುಕೊಂಡು, 29ನೇ ದಿನಕ್ಕೆ ಪೂರ್ತಿ ಮರೆಯುತ್ತಾ? ರಜೆ ಮುಗಿಸಿ ಬಂದವನಿಗೆ ದಾರಿ ತೋರಿಸಲಿ ಅಂತ ತಾನೇ ನಾವು ಇದನ್ನು ಇಟ್ಟುಕೊಂಡದ್ದು? ಅಲ್ಲೇ ಕೈ ಕೊಡುತ್ತೆ.

ನಾರ್ವೆಯಲ್ಲಿ 482 ಯುವ ಫುಟ್‌ಬಾಲ್ ಆಟಗಾರರ ಮೇಲೆ ಹತ್ತು ತಿಂಗಳು ಪರೀಕ್ಷೆ ಮಾಡಿ ನೋಡಿದರು, 2021ರಲ್ಲಿ ಪ್ರಕಟವಾಯಿತು. ಅರ್ಧ ತಂಡಗಳು ಈ ರೇಶಿಯೋ ನೋಡಿ ಪ್ರಾಕ್ಟೀಸ್ ಹೊಂದಿಸಿದವು, ಉಳಿದವು ತಮ್ಮ ಪಾಡಿಗೆ ಆಡಿದವು. ಎರಡೂ ಕಡೆ ಗಾಯ, ಕಾಯಿಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಒನ್ ಡೌನ್

ಅಂದರೆ ಬಾಲ್ ಎಣಿಸೋದೇ ವೇಸ್ಟ್ ಅಂತನಾ ಮೇಷ್ಟ್ರೇ? ಹಾಗಂದರೆ ನಾಳೆಯಿಂದ ನಮ್ಮ ಹುಡುಗರು ಖುಷಿ ಬಂದಷ್ಟು ಬಾಲ್ ಹಾಕ್ತಾರೆ.

ಲೆಕ್ಕದ ಮೇಷ್ಟ್ರು (ಹರಿಹರ)

ಎಣಿಸೋದು ವೇಸ್ಟ್ ಅಂತ ಎಲ್ಲಿ ಹೇಳಿದೆ? ಭಾಗಾಕಾರ ವೇಸ್ಟ್ ಅಂದೆ. 120, 132, 0, 0, 96, 210. ಈ ಆರು ನಂಬರ್ ಒಂದು ಸಾಲಲ್ಲಿ ಬರೆದು ಗೋಡೆಗೆ ಅಂಟಿಸಿ. ಸೊನ್ನೆ ಆದ ಮೇಲೆ 210 ಬಂದಿದೆ ಅಂತ ಚಹಾ ತಂದುಕೊಡುವ ಹುಡುಗನೂ ಹೇಳುತ್ತಾನೆ. 2.7 ಅನ್ನುವ ನಂಬರ್ ಅದನ್ನು ಮುಚ್ಚಿಹಾಕುತ್ತದೆ.

ಎಲುಬು ಕೀಲು

ಮೇಷ್ಟ್ರ ಮಾತಲ್ಲಿ ಮುಕ್ಕಾಲು ಒಪ್ಪುತ್ತೇನೆ. ನಾರ್ವೆಯದ್ದು ಫುಟ್‌ಬಾಲ್, ಎಲ್ಲಾ ಥರದ ಗಾಯ ಕಾಯಿಲೆ ಸೇರಿಸಿ ನೋಡಿದ್ದು. ಒಂದೇ ಮೂಳೆಗೆ ಒಂದೇ ಥರ ಪೆಟ್ಟು ಬೀಳುವ ಫಾಸ್ಟ್ ಬೌಲರ್‌ಗೆ ಅದನ್ನು ಹಾಗೇ ತಂದು ಹಚ್ಚಲು ನನಗೆ ಮನಸ್ಸಿಲ್ಲ. ನನಗೆ ಆ ರೇಶಿಯೋ ಬೇಕಾಗಿರುವುದು ಒಂದು ಕೆಲಸಕ್ಕೆ ಮಾತ್ರ. 30 ಹುಡುಗರಿದ್ದಾಗ ಈ ವಾರ ಯಾರ ಹತ್ತಿರ ಕೂತು "ಎಲ್ಲಾದರೂ ನೋವಿದೆಯಾ, ಬೇರೆ ಕಡೆ ಆಡಿದೆಯಾ" ಅಂತ ಕೇಳಬೇಕು ಅನ್ನೋದು ಗೊತ್ತಾಗಲಿ ಅಂತ. ಹಸಿರು ಬಂದರೆ ಆಡಿಸಬಹುದು ಅಂತ ನಾನು ಯಾವತ್ತೂ ಓದಲ್ಲ.

ಹಳೇ ಮ್ಯಾಟಿಂಗ್ ಅವರೇ, ಮುಂದಿನ ವರ್ಷಕ್ಕೆ ಒಂದು ಸಲಹೆ. ಪರೀಕ್ಷೆಯಲ್ಲಿ ಪೂರ್ತಿ ಬಿಡಿಸಬೇಡಿ. ವಾರಕ್ಕೆ ಎರಡು ಸಂಜೆ ಅರ್ಧರ್ಧ ಗಂಟೆ, ನಾಲ್ಕು ನಾಲ್ಕು ಓವರ್. ವಾರಕ್ಕೆ 48 ಬಾಲ್ ಆಯಿತು. ಆ ಎರಡು ಸೊನ್ನೆಯ ಜಾಗದಲ್ಲಿ 48 ಇದ್ದಿದ್ದರೆ ಅದೇ 150ರ ವಾರ 2.44 ಬದಲು 1.75 ಆಗುತ್ತಿತ್ತು. ಅದೂ ಜಾಸ್ತಿಯೇ. 6ನೇ ವಾರ 110ಕ್ಕೆ ನಿಲ್ಲಿಸಬೇಕಿತ್ತು. ಆದರೆ ಮೂಳೆಗೆ ಬೌಲಿಂಗ್ ಪರಿಚಯ ತಪ್ಪುತ್ತಿರಲಿಲ್ಲ. ಓದೋ ಹುಡುಗರ ಮನೆಯಲ್ಲಿ ಈ ಒಂದು ಗಂಟೆಗೆ ಒಪ್ಪಿಸೋದೇ ಕಷ್ಟ, ಅದು ನನಗೂ ಗೊತ್ತು.

ಲೆಕ್ಕದ ಮೇಷ್ಟ್ರು (ಹರಿಹರ)

1.75 ಅಂತ ಮತ್ತೆ ಭಾಗಿಸಿದಿರಲ್ಲ ಮೇಡಂ!

ಎಲುಬು ಕೀಲು

ಚಟ ಸರ್, ಬಿಡಲ್ಲ.

ಹಳೇ ಮ್ಯಾಟಿಂಗ್, ಗುರುವಾರ

ರಿಪೋರ್ಟ್ ಬಂತು. ಬಿರುಕು ಬಿಟ್ಟಿಲ್ಲ, ಆದರೆ ಎಡಗಡೆ ಮೂಳೆಯೊಳಗೆ ಊತ ಇದೆ ಅಂದರು. ಸರಿಯಾದ ಹೊತ್ತಿಗೆ ಬಂದಿರಿ, ಇನ್ನೊಂದು ತಿಂಗಳು ಆಡಿಸಿದ್ದರೆ ಬಿರುಕೇ ಬಿಡುತ್ತಿತ್ತೇನೋ ಅಂದರು ಡಾಕ್ಟರ್. ಈಗ ಓಡೋದೂ ಇಲ್ಲ, ಬಾಲೂ ಇಲ್ಲ. ಆರು ವಾರ ಬಿಟ್ಟು ಮತ್ತೆ ತೋರಿಸಬೇಕು, ಬೌಲಿಂಗ್ ಮಾತು ಆಮೇಲೆ.

ಶೀಟಿಗೆ ಎರಡು ಕಾಲಂ ಸೇರಿಸಿದ್ದೇನೆ. ಒಂದು ಟೆನಿಸ್ ಬಾಲ್, ಇನ್ನೊಂದು ನೋವು ಎಲ್ಲಿ. ಟೆನಿಸ್ ಬಾಲ್ ಆಡಿದ್ದು ಹೇಳಿದವರಿಗೆ ಬೈಯಲ್ಲ ಅಂತ ಎಲ್ಲರ ಮುಂದೆ ಹೇಳಿದೆ. ಅವತ್ತೇ ಮೂವರು ಕೈ ಎತ್ತಿದರು.

ಒಂದು ಕೇಳಬೇಕಿತ್ತು. ಟೆನಿಸ್ ಬಾಲ್ ಹಗುರ. ಅದರ 60ನ್ನು ಲೆದರ್ ಬಾಲಿನ 60ಕ್ಕೆ ಸಮ ಅಂತಲೇ ಬರೆಯಬೇಕಾ?

ಹರಿಹರದ ಎಡಗೈ

ಸಮ ಅಂತಲೇ ಬರೆಯಿರಿ. ಬಾಲ್ ಹಗುರ ಇರಬಹುದು, ಎಡಗಾಲು ಊರುವಾಗ ಬೀಳೋದು ಬಾಲಿನ ಭಾರ ಅಲ್ಲ, ಹುಡುಗನದೇ ಭಾರ. ಅಲ್ಲದೆ ಆ ಗ್ರೌಂಡ್‌ಗಳು ಗಟ್ಟಿ, ಸ್ಪೈಕ್ಸ್ ಇಲ್ಲದೆ ಕ್ಯಾನ್ವಾಸ್ ಶೂನಲ್ಲಿ ಓಡ್ತಾರೆ.

ಒನ್ ಡೌನ್

ನನಗೆ ಹಾಗನ್ನಿಸಲ್ಲ. ಟೆನಿಸ್ ಬಾಲಲ್ಲಿ ರನ್‌ಅಪ್ ಅರ್ಧ, ಎಷ್ಟೋ ಜನ ನಿಂತಲ್ಲೇ ತೋಳು ಬೀಸ್ತಾರೆ. ಅರ್ಧ ಅಂತ ಬರೆದರೆ ಸಾಕು.

ಎಲುಬು ಕೀಲು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈ ಭಾನುವಾರ ರಾತ್ರಿ ಎಲ್ಲಾದರೂ ಮ್ಯಾಚ್ ಇದ್ದರೆ ಹೇಳಿ, ಬಂದು ಫೋನಲ್ಲಿ ಅವರ ರನ್‌ಅಪ್ ವಿಡಿಯೋ ಮಾಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಪೂರ್ತಿ 60 ಅಂತಲೇ ಹಾಕಿರಿ.